‘ರಜೆ’ ಎಂಬ ಪದ ತೆಗೆದ ಮೇಲೆ: ಕ್ಷೇತ್ರಕಾರ್ಯದ ಒಂದು ಮನವಿಪತ್ರದ ಪ್ರಕರಣ

ಮುಂಬಯಿಯ ಒಂದು ವಿಶ್ವವಿದ್ಯಾಲಯದಲ್ಲಿ ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿರುವ ಸಂಶೋಧಕಿಯೊಬ್ಬಳು 2024ರ ಆಗಸ್ಟ್ ಮೊದಲ ವಾರದಲ್ಲಿ ಒಂದು ಪುಟದ ಪತ್ರ ತಂದುಕೊಟ್ಟಳು. ಅದರ ವಿಷಯದ ಸಾಲು ಹೀಗಿತ್ತು: ‘ಕ್ಷೇತ್ರಕಾರ್ಯಕ್ಕಾಗಿ ಮೂರು ತಿಂಗಳ ರಜೆ ಹಾಗೂ ಮಹಾಪ್ರಬಂಧ ಸಲ್ಲಿಕೆಗೆ ಮೂರು ತಿಂಗಳ ಅವಧಿ ವಿಸ್ತರಣೆ ಕೋರಿ.’ ಭಾಷೆ ವಿನಯದಿಂದ ಕೂಡಿತ್ತು, ಕಾರಣ ನ್ಯಾಯವಾದದ್ದಾಗಿತ್ತು, ಕೊಡಬಾರದೆನ್ನಲು ನನಗೆ ಯಾವ ಕಾರಣವೂ ಇರಲಿಲ್ಲ. ಆದರೂ ಅದಕ್ಕೆ ಸಹಿ ಹಾಕದೆ ಹಿಂದಿರುಗಿಸಿದೆ. ಎರಡು ವಾರಗಳಲ್ಲಿ ಆ ಪತ್ರ ಮೂರು ಸಲ ಬದಲಾಯಿತು. ಏನು ಬದಲಾಯಿತು, ಏಕೆ ಬದಲಾಯಿತು ಎಂಬುದನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಸಂಶೋಧನೆಯ ಸಂದರ್ಭ. ಮಳೆಗಾಲದಲ್ಲಿ ಕರಾವಳಿಯ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಮುಂಬಯಿಗೆ ಬಂದು ಇಲ್ಲಿನ ಸಭಾಗೃಹಗಳಲ್ಲಿ ಯಕ್ಷಗಾನ ಆಡುತ್ತಾರೆ. ಸಭಾಗೃಹವನ್ನು ಹೊತ್ತಿಗೆ ಸರಿಯಾಗಿ ಬಿಟ್ಟುಕೊಡಬೇಕು, ಪ್ರೇಕ್ಷಕರು ಕೊನೆಯ ಲೋಕಲ್ ಹಿಡಿದು ಡೊಂಬಿವಲಿಗೋ ದಹಿಸರಿಗೋ ಮರಳಬೇಕು. ಹಾಗಾಗಿ ಊರಿನಲ್ಲಿ ರಾತ್ರಿಯಿಡೀ ನಡೆಯಬಲ್ಲ ಪ್ರಸಂಗ ಇಲ್ಲಿ ನಾಲ್ಕು ಗಂಟೆಗೆ ಇಳಿಯುತ್ತದೆ. ಹಾಗೆ ಇಳಿಸುವಾಗ ಬೀಳುವ ಕತ್ತರಿ ಪದ್ಯಕ್ಕೋ, ಮಾತಿಗೋ, ಕುಣಿತಕ್ಕೋ ಎಂಬುದೇ ಅವಳ ಪ್ರಶ್ನೆ. ‘ದೇವಿಮಹಾತ್ಮೆ’ ಒಂದನ್ನೇ ಆಯ್ದುಕೊಂಡು, ಮುಂಬಯಿಯ ಪ್ರದರ್ಶನಗಳನ್ನು ಎರಡು ಮಳೆಗಾಲ ದಾಖಲಿಸಿದ್ದಳು. 2024ರ ಜುಲೈಯಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ವರದಿ ಒಪ್ಪಿಸಿದಾಗ ಸಮಿತಿ ಸರಿಯಾದ ಒಂದು ಆಕ್ಷೇಪ ಎತ್ತಿತು: ಕತ್ತರಿಸಿದ ರೂಪ ಕೈಯಲ್ಲಿದೆ, ಆದರೆ ಯಾವುದರಿಂದ ಕತ್ತರಿಸಿದ್ದು ಎಂಬುದು ಕೈಯಲ್ಲಿಲ್ಲ. ಹರಕೆ ಹೊತ್ತವರು ಊರಿನಲ್ಲಿ ಆಡಿಸುವ ಹರಕೆ ಆಟಗಳನ್ನು ದಾಖಲಿಸದೆ ಹೋಲಿಕೆ ನಿಲ್ಲುವುದಿಲ್ಲ.

ಹರಕೆ ಆಟಗಳು ಬೇಕಾದಾಗ ಸಿಗುವಂಥವಲ್ಲ. ದೀಪಾವಳಿ ಕಳೆದ ಮೇಲೆ ಮೇಳಗಳು ಗೆಜ್ಜೆ ಕಟ್ಟಿ ಹೊರಡುತ್ತವೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಆ ಆರೇಳು ತಿಂಗಳು ತಪ್ಪಿದರೆ ಮುಂದಿನ ನವೆಂಬರ್‌ವರೆಗೆ ಕಾಯಬೇಕು. ಮೊದಲ ಪತ್ರದಲ್ಲಿ ಈ ಸಂಗತಿಯೇ ಇರಲಿಲ್ಲ. ‘ಕ್ಷೇತ್ರಕಾರ್ಯ ಅನಿವಾರ್ಯವಾಗಿರುವುದರಿಂದ’ ಎಂದಷ್ಟೇ ಬರೆದಿದ್ದಳು. ಕರಾವಳಿಯವರಾದ ನಮಗಿಬ್ಬರಿಗೂ ಅದು ಹೇಳದೆಯೇ ಗೊತ್ತಿರುವ ಮಾತು. ಆದರೆ ಪತ್ರ ನನ್ನಲ್ಲಿ ನಿಲ್ಲುವುದಿಲ್ಲ; ಸಮಿತಿಯ ಸದಸ್ಯರಿಗೆ ಹೋಗುತ್ತದೆ, ಅಲ್ಲಿಂದ ನಮ್ಮ ಮರಾಠಿ ಹೊದಿಕೆ ಪತ್ರದೊಡನೆ ಪಿಎಚ್.ಡಿ. ವಿಭಾಗದ ಕಚೇರಿಗೆ ಹೋಗುತ್ತದೆ. ಅಲ್ಲಿರುವವರಿಗೆ ಪತ್ತನಾಜೆ ಎಂದರೇನೆಂದು ಯಾರಾದರೂ ಹೇಳಲೇಬೇಕು, ಏಕೆಂದರೆ ‘ಈಗಲೇ ಏಕೆ’ ಎಂಬ ಪ್ರಶ್ನೆಗೆ ಇಡೀ ಮನವಿಯಲ್ಲಿ ಇರುವ ಉತ್ತರ ಅದೊಂದೇ.

ನಾನು ತಡೆದದ್ದು ಮುಖ್ಯವಾಗಿ ‘ರಜೆ’ ಎಂಬ ಪದಕ್ಕಾಗಿ. ಅವಳಂತೆ ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್, ಪಡೆಯುವವರಿಗೆ ವರ್ಷಕ್ಕೆ ಸಾರ್ವಜನಿಕ ರಜಾದಿನಗಳನ್ನು ಬಿಟ್ಟು 30 ದಿನ ರಜೆಯಿದೆ, ಅದಕ್ಕಿಂತ ಹೆಚ್ಚಿಲ್ಲ. ತೊಂಬತ್ತು ದಿನ ರಜೆ ಕೇಳಿದರೆ, ಮಿಕ್ಕ ಅರವತ್ತು ದಿನವನ್ನು ಫೆಲೋಶಿಪ್ ಇಲ್ಲದ ರಜೆ ಎಂದು ಕಚೇರಿ ಓದಿಕೊಂಡರೆ ಅದು ಕಚೇರಿಯ ತಪ್ಪಲ್ಲ, ಪತ್ರದ ತಪ್ಪು. ಆಗ ಅವಳ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಎರಡು ತಿಂಗಳದ್ದು ನಿಂತರೆ ಊರಿನಲ್ಲಿ ಓಡಾಡುವ ಖರ್ಚಿಗೇ ಗತಿಯಿಲ್ಲ. ಇದು ನನ್ನ ಊಹೆಯ ಭಯವಲ್ಲ. ಕೆಲವು ವರ್ಷಗಳ ಹಿಂದೆ ನನ್ನದೇ ಇನ್ನೊಬ್ಬ ವಿದ್ಯಾರ್ಥಿ ‘ಕ್ಷೇತ್ರಕಾರ್ಯದ ರಜೆ’ ಎಂದು ಬರೆದಿದ್ದ, ನಾನು ಗಮನಿಸದೆ ಸಹಿ ಹಾಕಿದ್ದೆ. ಕನ್ನಡದ ‘ರಜೆ’ ಹೊದಿಕೆ ಪತ್ರದಲ್ಲಿ ನೇರವಾಗಿ ಮರಾಠಿಯ ‘ರಜಾ’ ಆಗಿ ಇಳಿಯಿತು, ಆ ತಿಂಗಳುಗಳ ದೃಢೀಕರಣವನ್ನು ಕಚೇರಿ ತಡೆಹಿಡಿಯಿತು. ಅವನು ಹಂಪಿಯ ಬಳಿ ಕೂತು ಕೆಲಸ ಮಾಡುತ್ತಿದ್ದ ಎಂದು ಸಾಬೀತುಪಡಿಸಿ ಹಣ ಬಿಡಿಸಿಕೊಳ್ಳಲು ಐದು ತಿಂಗಳು ಹಿಡಿಯಿತು. ಆ ಸಹಿಯ ಹೊಣೆ ನನ್ನದಾಗಿತ್ತು. ಅದಕ್ಕೇ ಈ ಸಲ ಮೊದಲ ಸಾಲಿನಲ್ಲಿಯೇ ನಿಂತೆ.

ಸಂಶೋಧನೆಗಾಗಿ ಬೇರೆ ಊರಿನಲ್ಲಿರುವುದು ರಜೆಯಲ್ಲ, ಕೆಲಸದ ಸ್ಥಳ ಬದಲಾದದ್ದು. ಇದನ್ನು ಹೇಳಿದಾಗ ಅವಳು, “ಮೇಡಂ, ಊರಿಗೆ ಹೋಗುವುದನ್ನು ನಮ್ಮ ಮನೆಯಲ್ಲಿ ರಜೆ ಅಂತಲೇ ಹೇಳಿ ಅಭ್ಯಾಸ. ಬೇರೆ ಏನು ಬರೆಯಬೇಕೆಂದು ತೋಚಲಿಲ್ಲ,” ಎಂದಳು. ಆ ಮಾತು ನನ್ನನ್ನು ತಟ್ಟಿತು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮವರಿಗೆ ‘ಊರು’ ಎಂದರೆ ಮೇ ತಿಂಗಳು, ಕುರ್ಲಾದಿಂದ ಹೊರಡುವ ಮತ್ಸ್ಯಗಂಧ ರೈಲು, ಅಜ್ಜಿಮನೆ. ಹೋಟೆಲಿನಲ್ಲಿ ದುಡಿಯುವ ಅಪ್ಪ ಮಾಲೀಕರಲ್ಲಿ ರಜೆ ಕೇಳಿಕೊಂಡೇ ಊರಿಗೆ ಹೋಗಿದ್ದವರು. ಮಗಳು ಅದೇ ಊರಿಗೆ ಕೆಲಸಕ್ಕೆಂದು ಹೋಗುವಾಗಲೂ ಕೈ ಹಳೆಯ ಪದವನ್ನೇ ಬರೆದಿತ್ತು. ವಿಷಯದ ಸಾಲಿನಲ್ಲಿ ಈಗ ‘ಕ್ಷೇತ್ರಕಾರ್ಯಕ್ಕೆ ತೆರಳಲು ಅನುಮತಿ’ ಎಂದಾಯಿತು, ಒಳಗೆ ‘ಈ ಅವಧಿಯನ್ನು ಸಂಶೋಧನಾ ಕರ್ತವ್ಯದ ಅವಧಿಯೆಂದು ಪರಿಗಣಿಸಬೇಕು’ ಎಂಬ ವಾಕ್ಯ ಸೇರಿತು.

‘ಅವಧಿ ವಿಸ್ತರಣೆ’ ಎಂಬುದಕ್ಕೂ ಇದೇ ಬಗೆಯ ತೊಂದರೆಯಿತ್ತು. ಅವಳ ಪ್ರವೇಶ 2023ರ ಜನವರಿ 16ರದ್ದು; ಆದ್ದರಿಂದ 2022ರ ನವೆಂಬರ್‌ನಲ್ಲಿ ಜಾರಿಗೆ ಬಂದ ಯುಜಿಸಿಯ ಪಿಎಚ್.ಡಿ. ನಿಯಮಾವಳಿ ಅನ್ವಯಿಸುತ್ತದೆ. ಅದರ ಪ್ರಕಾರ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು ವರ್ಷ. ಆರು ವರ್ಷ ಮೀರಿದಾಗ ಮರುನೋಂದಣಿಯ ಮೂಲಕ ಸಿಗುವ ಎರಡು ವರ್ಷವನ್ನೇ ನಿಯಮದ ಭಾಷೆಯಲ್ಲಿ ವಿಸ್ತರಣೆ ಎನ್ನುವುದು. ಮಹಿಳಾ ಸಂಶೋಧಕರಿಗೆ ಅದರ ಮೇಲೆ ಇನ್ನೂ ಎರಡು ವರ್ಷದ ಸಡಿಲಿಕೆಯಿದೆ. ಅವಳ ಆರು ವರ್ಷ ಮುಗಿಯುವುದು 2029ರ ಜನವರಿಯಲ್ಲಿ. ಮೊದಲು ಒಪ್ಪಿಕೊಂಡಿದ್ದ ಸಲ್ಲಿಕೆಯ ತಿಂಗಳು 2026ರ ಫೆಬ್ರುವರಿ, ಅದು ನಾವು ಸಮಿತಿಯ ಮುಂದೆ ನಾವೇ ಹಾಕಿಕೊಂಡ ವೇಳಾಪಟ್ಟಿ. ಅದನ್ನು ಮುಂದೂಡಲು ವಿಸ್ತರಣೆ ಬೇಕಿಲ್ಲ, ಸಮಿತಿ ಒಪ್ಪಿದ ಪರಿಷ್ಕೃತ ಕಾರ್ಯಯೋಜನೆ ಸಾಕು. ಬೇಡದ ವಿಸ್ತರಣೆ ಕೇಳಿದರೆ ಕಚೇರಿ ಮರುನೋಂದಣಿಯ ಅರ್ಜಿ ಕೇಳುತ್ತದೆ, ಕಡತ ತಪ್ಪು ಮೇಜಿಗೆ ಹೋಗಿ ಕೂರುತ್ತದೆ.

ಇಷ್ಟು ಪದಗಳ ವಿಚಾರ. ಇದಕ್ಕಿಂತ ಆಳವಾದ ಕೊರತೆ ಲೆಕ್ಕದಲ್ಲಿತ್ತು, ಅದನ್ನು ಸರಿಪಡಿಸಲು ನಾವಿಬ್ಬರೂ ಒಂದು ಇಡೀ ಸಂಜೆ ಕೂತೆವು.

ಮೂರು ತಿಂಗಳು ಹೊರಗಿರುತ್ತೇನೆ, ಆದ್ದರಿಂದ ಮೂರು ತಿಂಗಳು ತಡವಾಗಿ ಸಲ್ಲಿಸುತ್ತೇನೆ ಎಂಬುದು ಅವಳ ಲೆಕ್ಕ. ಬಹುತೇಕ ಎಲ್ಲ ಸಂಶೋಧಕರೂ ಹೀಗೆಯೇ ಬರೆಯುತ್ತಾರೆ. ಕ್ಷೇತ್ರದಿಂದ ತಂದ ಸಾಮಗ್ರಿ ಬರಹವಾಗಲು ತನ್ನದೇ ಕಾಲ ಬೇಡುತ್ತದೆ ಎಂಬುದನ್ನು ಈ ಲೆಕ್ಕ ಮರೆಯುತ್ತದೆ. ನಾನು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಆಟ? ಅವಳು ಇಪ್ಪತ್ತನಾಲ್ಕು ಎಂದಳು. ಒಂದು ಆಟಕ್ಕೆ ಎಷ್ಟು ದಿನ? ರಾತ್ರಿ ಚೌಕಿಯಿಂದ ಮಂಗಳದವರೆಗೆ ಕೂತವಳು ಮರುದಿನ ಮಲಗಲೇಬೇಕು. ಅದರ ಮರುದಿನ ಟಿಪ್ಪಣಿ ತಿದ್ದಬೇಕು, ಭಾಗವತರನ್ನೋ ವೇಷಧಾರಿಯನ್ನೋ ಭೇಟಿಯಾಗಿ ಯಾವ ಪದ್ಯ ಬಿಟ್ಟರು, ಏಕೆ ಬಿಟ್ಟರು ಎಂದು ಕೇಳಬೇಕು. ಹೀಗೆ ಆಟಕ್ಕೆ ಮೂರು ದಿನದಂತೆ 72 ದಿನ. ಪ್ರಯಾಣಕ್ಕೆ ನಾಲ್ಕು ದಿನ. ಆಟ ರದ್ದಾಗುವುದು, ಧ್ವನಿಮುದ್ರಣ ಕೆಡುವುದು, ಜ್ವರ ಬರುವುದು, ಇವಕ್ಕೆಲ್ಲ 18 ದಿನ. ಒಟ್ಟು 94.

ಅನಂತರ ಲಿಪ್ಯಂತರದ ಲೆಕ್ಕ. ಪದ್ಯಗಳು ಪ್ರಸಂಗದ ಪುಸ್ತಕದಲ್ಲಿವೆ, ಆದರೆ ಅರ್ಥಗಾರಿಕೆ ರಂಗದ ಮೇಲೆ ಆಗಲೇ ಹುಟ್ಟುವ ಮಾತು. ಕೇಳಿ ಕೇಳಿ ಬರೆದುಕೊಳ್ಳದೆ ಬೇರೆ ದಾರಿಯಿಲ್ಲ. ಇಡೀ ಆಟ ಬರೆದಿಳಿಸುವುದು ಒಬ್ಬರಿಂದ ಆಗದ ಕೆಲಸವೆಂದು ಮಧು-ಕೈಟಭರ ಭಾಗ ಮತ್ತು ರಕ್ತಬೀಜನ ಭಾಗ ಎರಡನ್ನೇ ಆಯ್ದೆವು. ಆಟಕ್ಕೆ ಸುಮಾರು ಎರಡು ಗಂಟೆಯಂತೆ 48 ಗಂಟೆಯ ಧ್ವನಿ. ಚೆಂಡೆಯ ಸದ್ದಿನ ನಡುವಿನ ಒಂದು ಗಂಟೆಯ ಮಾತನ್ನು ಬರೆದಿಳಿಸಲು ಅವಳಿಗೆ ಏಳು ಗಂಟೆ ಬೇಕಾಗುತ್ತದೆಂದು ಮುಂಬಯಿಯ ದಾಖಲೆಗಳಿಂದಲೇ ಗೊತ್ತಿತ್ತು. ಒಟ್ಟು 336 ಗಂಟೆ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಈ ಕೆಲಸ ಮಾಡಿದರೆ ಕಿವಿ ಮೋಸ ಮಾಡತೊಡಗುತ್ತದೆ. ಹಾಗಾಗಿ 84 ಕೆಲಸದ ದಿನ, ವಾರಕ್ಕೆ ಐದರಂತೆ ನಾಲ್ಕು ತಿಂಗಳು. ಅದಾದ ಮೇಲೆ ಮುಂಬಯಿಯ ಸಾಮಗ್ರಿಯನ್ನಷ್ಟೇ ನಂಬಿ ಕರಡು ಮಾಡಿದ್ದ ಎರಡು ಅಧ್ಯಾಯಗಳನ್ನು ಮತ್ತೆ ಕಟ್ಟಲು ಎರಡು ತಿಂಗಳು. ಕ್ಷೇತ್ರದ ಮೂರು, ಲಿಪ್ಯಂತರದ ನಾಲ್ಕು, ಮರುಬರಹದ ಎರಡು: ಒಂಬತ್ತು ತಿಂಗಳು. ಸಲ್ಲಿಕೆ 2026ರ ಮೇ ಅಲ್ಲ, ನವೆಂಬರ್. ಒಂಬತ್ತು ಎಂದು ಬರೆಯಲು ಅವಳಿಗೆ ಸಂಕೋಚವಾಯಿತು. ಮೂರು ತಿಂಗಳು ಕೇಳಿ ಮತ್ತೆ ಎರಡು ಸಲ ಬಂದು ಕೈಚಾಚುವುದಕ್ಕಿಂತ, ಲೆಕ್ಕ ತೋರಿಸಿ ಒಂದೇ ಸಲ ಒಂಬತ್ತು ಕೇಳಿದರೆ ಸಮಿತಿ ನಂಬುತ್ತದೆ ಎಂದು ಹೇಳಿದೆ.

94 ದಿನಗಳನ್ನು ಒಂದೇ ಕಂತಿನಲ್ಲಿ ಇಡದೆ ಎರಡಾಗಿ ಒಡೆದದ್ದಕ್ಕೂ ಕಾರಣವಿತ್ತು. ಪ್ರತಿ ಸೆಮಿಸ್ಟರಿನಲ್ಲೂ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸುವುದು ಕಡ್ಡಾಯ. ಅದರ ಜೊತೆಗೆ ಫೆಲೋಶಿಪ್ಪಿನ ಎರಡು ವರ್ಷ 2025ರ ಜನವರಿಗೆ ಮುಗಿದು, ಜೆಆರ್‌ಎಫ್‌ನಿಂದ ಹಿರಿಯ ಫೆಲೋಶಿಪ್ ಆದ ಎಸ್‌ಆರ್‌ಎಫ್‌ಗೆ ಏರಿಸುವ ಮೌಲ್ಯಮಾಪನವೂ ಆಗಲೇ ಬರುತ್ತಿತ್ತು. ಆ ಹೊತ್ತಿಗೆ ಅವಳು ಮುಂಬಯಿಯಲ್ಲಿರಲೇಬೇಕು.

ಕೊನೆಯದಾಗಿ ನನ್ನ ವಿಚಾರ. ನಾನು 2027ರ ಮೇ ಕೊನೆಗೆ ನಿವೃತ್ತಳಾಗುತ್ತೇನೆ. ಮಹಾಪ್ರಬಂಧ ಸಲ್ಲಿಸಿದ ಮೇಲೆ ಮೌಲ್ಯಮಾಪನವನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ನಿಯಮವಿದೆ. ನವೆಂಬರ್ ಕೊನೆಗೆ ಸಲ್ಲಿಸಿ ಆರು ತಿಂಗಳೂ ಹಿಡಿದರೆ ಮೌಖಿಕ ಪರೀಕ್ಷೆ ನನ್ನ ಕೊನೆಯ ವಾರಕ್ಕೆ ಬರುತ್ತದೆ. ನಿವೃತ್ತಿಯ ನಂತರ ನಾನು ಸಹಮಾರ್ಗದರ್ಶಕಿಯಾಗಿ ಮಾತ್ರ ಉಳಿಯಬಲ್ಲೆ, ಮುಖ್ಯ ಮಾರ್ಗದರ್ಶಕರು ಬೇರೆ ಇರಬೇಕು. ಗುರುಗಳ ನಿವೃತ್ತಿಯನ್ನು ತಾನೇ ಎತ್ತಿ ಬರೆಯುವುದು ಸರಿಯಲ್ಲವೆಂದು ಅವಳು ಬಿಟ್ಟಿದ್ದಳು. ಬರೆಯಲೇಬೇಕೆಂದು ನಾನೇ ಹೇಳಿದೆ. ಒಪ್ಪಿತವಾದ ಪತ್ರ ಹೀಗಿತ್ತು. ಹೆಸರು, ವಿಳಾಸ, ನೋಂದಣಿ ಸಂಖ್ಯೆಗಳನ್ನು ಬಿಟ್ಟಿದ್ದೇನೆ.

ದಿನಾಂಕ: 20-08-2024

ಮಾನ್ಯ ಮಾರ್ಗದರ್ಶಕರಿಗೆ,

ವಿಷಯ: ಕ್ಷೇತ್ರಕಾರ್ಯಕ್ಕೆ ತೆರಳಲು ಅನುಮತಿ ಹಾಗೂ ಪರಿಷ್ಕೃತ ಕಾರ್ಯಯೋಜನೆಗೆ ಒಪ್ಪಿಗೆ ಕೋರಿ.
ಉಲ್ಲೇಖ: ಸಂಶೋಧನಾ ಸಲಹಾ ಸಮಿತಿಯ 2024ರ ಜುಲೈ ಸಭೆಯ ಸೂಚನೆ.

ಮಾನ್ಯರೆ,

ಮೇಲಿನ ಸಭೆಯಲ್ಲಿ ಸಮಿತಿಯು ಮುಂಬಯಿಯ ಪ್ರದರ್ಶನಗಳನ್ನು ಕರಾವಳಿಯ ಹರಕೆ ಆಟಗಳೊಡನೆ ಹೋಲಿಸಬೇಕೆಂದು ಸೂಚಿಸಿದೆ. ಮೇಳಗಳ ತಿರುಗಾಟ ನವೆಂಬರ್‌ನಿಂದ ಮೇ 24ರ ಸುಮಾರಿನ ಪತ್ತನಾಜೆಯವರೆಗೆ ಮಾತ್ರ ನಡೆಯುವುದರಿಂದ ಈ ಸಾಮಗ್ರಿಯನ್ನು ವರ್ಷದ ಬೇರೆ ತಿಂಗಳುಗಳಲ್ಲಿ ಸಂಗ್ರಹಿಸಲಾಗದು. ಆದ್ದರಿಂದ 2024ರ ನವೆಂಬರ್ 20ರಿಂದ 2025ರ ಜನವರಿ 10ರವರೆಗೆ (52 ದಿನ) ಮತ್ತು 2025ರ ಏಪ್ರಿಲ್ 15ರಿಂದ ಮೇ 26ರವರೆಗೆ (42 ದಿನ) ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳಲು ಅನುಮತಿ ನೀಡಬೇಕೆಂದು ಕೋರುತ್ತೇನೆ. ಈ ಅವಧಿಯನ್ನು ಸಂಶೋಧನಾ ಕರ್ತವ್ಯದ ಅವಧಿಯೆಂದು ಪರಿಗಣಿಸಬೇಕಾಗಿ ಪ್ರಾರ್ಥನೆ. ನನ್ನ ವಾರ್ಷಿಕ 30 ದಿನಗಳ ರಜೆಯನ್ನು ಇದರಲ್ಲಿ ಬಳಸುತ್ತಿಲ್ಲ.

ಒಟ್ಟು 24 ಪ್ರದರ್ಶನಗಳನ್ನು ದಾಖಲಿಸುವ ಉದ್ದೇಶವಿದೆ. ದಿನಗಳ ಲೆಕ್ಕ ಹಾಗೂ ಲಿಪ್ಯಂತರದ ಲೆಕ್ಕವನ್ನು ಅನುಬಂಧದಲ್ಲಿ ಕೊಟ್ಟಿದ್ದೇನೆ. ಅದರಂತೆ ಸಲ್ಲಿಕೆಯನ್ನು 2026ರ ಫೆಬ್ರುವರಿಯಿಂದ ನವೆಂಬರ್‌ಗೆ ಮುಂದೂಡಬೇಕಾಗುತ್ತದೆ. ಇದು ಆರು ವರ್ಷಗಳ ಅವಧಿಯೊಳಗೇ ಇರುವುದರಿಂದ ಮರುನೋಂದಣಿ ಕೋರುತ್ತಿಲ್ಲ. ಬಳಸಬಹುದಾದ ದಾಖಲೆಗಳು 18ಕ್ಕಿಂತ ಕಡಿಮೆಯಾದಲ್ಲಿ ಮೂರನೆಯ ಅಧ್ಯಾಯದ ವ್ಯಾಪ್ತಿಯನ್ನು ಕಿರಿದಾಗಿಸಿಕೊಳ್ಳುತ್ತೇನೆಯೇ ಹೊರತು ಮತ್ತೊಂದು ತಿರುಗಾಟಕ್ಕೆ ಕಾಲ ಕೋರುವುದಿಲ್ಲ.

ಕ್ಷೇತ್ರದಲ್ಲಿರುವಾಗ ಪ್ರತಿ ತಿಂಗಳ 20ರೊಳಗೆ ನೋಡಿದ ಆಟಗಳ ದಿನಾಂಕ ಮತ್ತು ಸ್ಥಳಗಳ ವರದಿಯನ್ನು ಹಾಜರಾತಿಯ ದೃಢೀಕರಣಕ್ಕಾಗಿ ತಮಗೆ ಕಳುಹಿಸುತ್ತೇನೆ. ಮೂಡುಬಿದಿರೆಯ ಸೋದರತ್ತೆಯ ಮನೆಯಲ್ಲಿ ವಾಸ್ತವ್ಯ. ರಾತ್ರಿಯ ಪ್ರದರ್ಶನಗಳಿಗೆ ಮನೆಯವರೊಬ್ಬರು ಜೊತೆಗಿರುತ್ತಾರೆ. ಜನವರಿ-ಫೆಬ್ರುವರಿಯ ಸಮಿತಿ ಸಭೆಗೆ ಹಾಗೂ ಎಸ್‌ಆರ್‌ಎಫ್ ಮೌಲ್ಯಮಾಪನಕ್ಕೆ ಖುದ್ದು ಹಾಜರಾಗುತ್ತೇನೆ. ಮೇಳಗಳ ವ್ಯವಸ್ಥಾಪಕರಿಗೆ ತೋರಿಸಲು ಧ್ವನಿಮುದ್ರಣದ ಅನುಮತಿ ಕೋರುವ ಪರಿಚಯ ಪತ್ರವೊಂದನ್ನು ದಯಪಾಲಿಸಬೇಕು.

ತಾವು 2027ರ ಮೇ ತಿಂಗಳಲ್ಲಿ ನಿವೃತ್ತರಾಗುವುದರಿಂದ, ಮೌಲ್ಯಮಾಪನದ ಹಂತದಲ್ಲಿ ಅಡಚಣೆಯಾಗದಂತೆ ವಿಭಾಗದ ಮತ್ತೊಬ್ಬ ಅಧ್ಯಾಪಕರನ್ನು ಈಗಲೇ ಸಹಮಾರ್ಗದರ್ಶಕರನ್ನಾಗಿ ಸೂಚಿಸುವಂತೆ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)

ಸೆಪ್ಟೆಂಬರ್ ಸಭೆಯಲ್ಲಿ ಸಮಿತಿ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಬಂದ ಒಂದೇ ಗಂಭೀರ ಪ್ರಶ್ನೆ 24 ಎಂಬ ಸಂಖ್ಯೆ ಏಕೆ ಎಂಬುದು. ಮುಂಬಯಿಯ ದಾಖಲೆಗಳೂ ಅಷ್ಟೇ ಇವೆ ಎಂಬ ಉತ್ತರ ಅವಳಲ್ಲಿ ಸಿದ್ಧವಿತ್ತು. ಸಭೆಯ ನಡಾವಳಿಯಲ್ಲಿ ‘ಸಂಶೋಧನಾ ಕರ್ತವ್ಯ’ ಎಂಬ ಪದವೇ ದಾಖಲಾಗುವಂತೆ ನೋಡಿಕೊಂಡೆ, ಮರಾಠಿ ಹೊದಿಕೆ ಪತ್ರವನ್ನು ನಾನೇ ಓದಿ ‘ರಜಾ’ ಎಂಬುದು ಎಲ್ಲಿಯೂ ನುಸುಳದಂತೆ ತಿದ್ದಿದೆ. ಅವಳು ಊರಿನಲ್ಲಿದ್ದ ಯಾವ ತಿಂಗಳಲ್ಲೂ ಫೆಲೋಶಿಪ್ ನಿಲ್ಲಲಿಲ್ಲ.

ಕ್ಷೇತ್ರದಲ್ಲಿ ಎಲ್ಲವೂ ಲೆಕ್ಕದಂತೆ ನಡೆಯಲಿಲ್ಲ. ಮೊದಲ ಕಂತಿನಲ್ಲಿ ಹನ್ನೆರಡರ ಬದಲು ಹನ್ನೊಂದು ಆಟ ಸಿಕ್ಕವು. ಡಿಸೆಂಬರ್ ವರದಿಯಲ್ಲಿ ಒಂದು ದಿನಾಂಕದ ಎದುರು ಅವಳು ‘ಆಟ ಆಯಿತು, ಆದರೆ ಮೈಕಿನ ಬಳಿ ಕೂತು ದಾಖಲಿಸಲು ಹರಕೆಯ ಮನೆಯವರು ಒಪ್ಪಲಿಲ್ಲ, ಪ್ರೇಕ್ಷಕಳಾಗಿ ನೋಡಿ ಬಂದೆ’ ಎಂದು ಬರೆದಿದ್ದಳು. ಮೇಳದ ಅನುಮತಿಯಿದ್ದರೆ ಸಾಲದು, ಆಟ ಆಡಿಸುವ ಮನೆಯವರನ್ನೂ ಕೇಳಬೇಕು ಎಂಬುದು ನನಗೂ ಹೊಳೆದಿರಲಿಲ್ಲ. ಎರಡನೆಯ ಕಂತಿಗೆ ಪರಿಚಯ ಪತ್ರವನ್ನು ಅವರಿಗೂ ಅನ್ವಯವಾಗುವಂತೆ ಬರೆದುಕೊಟ್ಟೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ಕರಾವಳಿಯಲ್ಲಿ ಅದಕ್ಕೂ ಮೊದಲೇ ಮಳೆ ಹಿಡಿದಿತ್ತು. ಪತ್ತನಾಜೆಗೆ ಮುಂಚಿನ ಎರಡು ಆಟಗಳ ಧ್ವನಿಯಲ್ಲಿ ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದೇ ತುಂಬಿಕೊಂಡು, ರಕ್ತಬೀಜನ ಮಾತು ಅರ್ಧಕ್ಕರ್ಧ ಕೇಳಿಸದೆ ಹೋಯಿತು. ಕೊನೆಗೆ ಬಳಸಬಹುದಾದ ದಾಖಲೆಗಳು 21.

ಪತ್ರದಲ್ಲಿ 18ರ ಗಡಿ ಬರೆದಿದ್ದರಿಂದ 24 ಆಗಲಿಲ್ಲವೆಂಬ ಚರ್ಚೆ ಜುಲೈ ಸಭೆಯಲ್ಲಿ ಏಳಲೇ ಇಲ್ಲ. ಲಿಪ್ಯಂತರ ಮಾತ್ರ ಲೆಕ್ಕಕ್ಕಿಂತ ಮೂರು ವಾರ ಹೆಚ್ಚು ಹಿಡಿಯಿತು. ತುಳು ಬೆರೆಸಿ ಆಡುವ ಹಾಸ್ಯದ ಮಾತುಗಳಿಗೆ ಗಂಟೆಗೆ ಏಳು ಗಂಟೆ ಸಾಲಲಿಲ್ಲ. ಆ ಮೂರು ವಾರವನ್ನು ಮರುಬರಹದ ಎರಡು ತಿಂಗಳಲ್ಲಿ ಸರಿದೂಗಿಸುವುದಾಗಿ ತಿಂಗಳ ವರದಿಯಲ್ಲಿ ಬರೆದುಕೊಟ್ಟಿದ್ದಾಳೆ. ಸಹಮಾರ್ಗದರ್ಶಕರು ಮೂರನೆಯ ಅಧ್ಯಾಯದ ಹೊಸ ಕರಡಿನ ಮೊದಲ ಮೂವತ್ತು ಪುಟ ಓದಿ ಮರಳಿಸಿದ್ದಾರೆ. ನವೆಂಬರ್ ಎಂಬ ತಿಂಗಳು ಬದಲಾಗಿಲ್ಲ.